ಐಸ್‌ಕ್ರೀಮ್ ಫೋಟೋ: ಮೊದಲು ಉಂಡೆ, ಆಮೇಲೆ ಮಂಜು, ಕೊನೆಗೆ ಹನಿ

ತುಮಕೂರಿನ ಬಿ.ಎಚ್. ರಸ್ತೆಯ ಒಂದು ಐಸ್‌ಕ್ರೀಮ್ ಪಾರ್ಲರ್‌ಗೆ ನಾನು ಮೊದಲ ಸಲ ಫೋಟೋ ತೆಗೆಯಲು ಹೋದದ್ದು ಏಪ್ರಿಲ್ ತಿಂಗಳ ಮಧ್ಯಾಹ್ನ. ಎರಡು ಹ್ಯಾಲೊಜೆನ್ ದೀಪ ಹಾಕಿದ್ದೆ. ಕ್ಯಾಮೆರಾ ಫೋಕಸ್ ಮಾಡುವಷ್ಟರಲ್ಲಿ ವೆನಿಲ್ಲಾ ಉಂಡೆ ಕಪ್ಪಿನೊಳಗೆ ಕೂತುಬಿಟ್ಟಿತು. ತಣ್ಣನೆಯ ಆವಿ ಕಾಣಲಿ ಅಂತ ಹಿಂದೆ ಎರಡು ಊದುಬತ್ತಿ ಹಚ್ಚಿಟ್ಟೆ. ಫೋಟೋ ನೋಡಿದ ಯಜಮಾನರು ಕೇಳಿದ್ದು ಒಂದೇ ಮಾತು: "ಏನ್ ಸಾರ್, ಐಸ್‌ಕ್ರೀಮ್‌ಗೆ ಧೂಪ ಹಾಕಿದ್ದೀರಾ?"

ಅವರು ಹೇಳಿದ್ದು ಸರಿ. ಊದುಬತ್ತಿಯ ಹೊಗೆ ಬಿಸಿ, ಮೇಲಕ್ಕೆ ಏರುತ್ತದೆ. ಐಸ್‌ಕ್ರೀಮಿನ ಮಂಜು ತಣ್ಣಗಿರುತ್ತದೆ, ಕೆಳಕ್ಕೆ ಇಳಿಯುತ್ತದೆ. ದೇವರಾಯನದುರ್ಗದಲ್ಲಿ ಬೆಳಗ್ಗೆ ಮಂಜು ಇಳಿಜಾರಿನಲ್ಲಿ ಜಾರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೋಡುವವರಿಗೆ ಕಾರಣ ಗೊತ್ತಿಲ್ಲದಿದ್ದರೂ ಏನೋ ಸುಳ್ಳಿದೆ ಅನ್ನಿಸಿಬಿಡುತ್ತದೆ.

ಆ ದಿನ ನಾನು ಮಾಡಿದ ದೊಡ್ಡ ತಪ್ಪು ಊದುಬತ್ತಿಯಲ್ಲ. ಚೆಂದದ ಉಂಡೆ, ಮಂಜು, ಕರಗಿ ಇಳಿಯುವ ಹನಿ, ಮೂರೂ ಒಂದೇ ಉಂಡೆಯಿಂದ ಒಂದೇ ಹೊತ್ತಿಗೆ ಬರಲಿ ಅಂತ ಕಾದದ್ದು ದೊಡ್ಡ ತಪ್ಪು. ಉಂಡೆಯ ಆಕಾರ ನಿಲ್ಲಬೇಕಾದರೆ ಅದು ಕಲ್ಲಿನಂತೆ ತಣ್ಣಗಿರಬೇಕು. ಹನಿ ಇಳಿಯಬೇಕಾದರೆ ಮೇಲ್ಮೈ ಬೆಚ್ಚಗಾಗಬೇಕು. ಮಂಜು ಕಾಣಬೇಕಾದರೆ ಸುತ್ತಲ ಗಾಳಿಯಲ್ಲಿ ತೇವ ಇರಬೇಕು. ನಮ್ಮ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಗಾಳಿ ಒಣಗಿರುತ್ತದೆ, ಬಿಸಿಯೂ ಇರುತ್ತದೆ. ಹಾಗಾಗಿ ಹನಿ ಮಾತ್ರ ಬೇಡವೆಂದರೂ ಬರುತ್ತದೆ, ಉಳಿದೆರಡು ಬೇಕೆಂದರೂ ಬರುವುದಿಲ್ಲ. ಆದ್ದರಿಂದ ಮೂರನ್ನೂ ಬೇರೆ ಬೇರೆಯಾಗಿ ತಯಾರು ಮಾಡಿಕೊಂಡು, ಸರಿಯಾದ ಸರದಿಯಲ್ಲಿ ಸೇರಿಸಬೇಕು. ಮುಂದಿನ ವರ್ಷ ಅದೇ ಅಂಗಡಿಗೆ ಎಂಟು ರುಚಿಗಳ ಮೆನು ಬೋರ್ಡ್ ಮತ್ತು ಬಾಗಿಲಿಗೆ ಒಂದು ದೊಡ್ಡ ಪೋಸ್ಟರ್ ಮಾಡಿಕೊಟ್ಟೆ. ಆಗ ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಐಸ್‌ಕ್ರೀಮನ್ನೇ ನೋಡಿ

ಕ್ಯಾಮೆರಾ ತೆಗೆಯುವ ಮೊದಲು ಪ್ರತಿ ರುಚಿಯ ಒಂದು ಉಂಡೆಯನ್ನು ತಟ್ಟೆಯಲ್ಲಿಟ್ಟು ಅರ್ಧ ಗಂಟೆ ಸುಮ್ನೆ ನೋಡುತ್ತಾ ಕೂರಿ. ಎಲ್ಲ ಐಸ್‌ಕ್ರೀಮೂ ಒಂದೇ ಥರ ಕರಗುವುದಿಲ್ಲ. ಐಸ್‌ಕ್ರೀಮ್ ಮಾಡುವಾಗ ಅದರೊಳಗೆ ಗಾಳಿ ಸೇರಿಸಿ ಕಡೆಯುತ್ತಾರೆ. ಗಾಳಿ ಜಾಸ್ತಿ, ಜೊತೆಗೆ ಗಟ್ಟಿ ಮಾಡುವ ಗೋಂದಿನ ಪುಡಿಯೂ ಜಾಸ್ತಿ ಇದ್ದರೆ ಅದು ಕರಗಿದರೂ ಹನಿಯಾಗಿ ಇಳಿಯುವುದಿಲ್ಲ. ನೊರೆಯ ಗುಡ್ಡೆಯಾಗಿ ಅಲ್ಲೇ ಕೂತಿರುತ್ತದೆ. ಅದರಿಂದ ಹನಿ ಬರಲಿ ಅಂತ ಹೇರ್ ಡ್ರೈಯರ್ ಹಿಡಿದರೆ ಉಂಡೆ ಒಳಗಿಂದ ಟೊಳ್ಳಾಗುತ್ತದೆ ಅಷ್ಟೇ. ಗಾಳಿ ಕಮ್ಮಿ, ಹಾಲಿನ ಕೊಬ್ಬು ಜಾಸ್ತಿ ಇದ್ದರೆ ಹನಿ ದಪ್ಪವಾಗಿ, ನಿಧಾನವಾಗಿ ಇಳಿಯುತ್ತದೆ. ಎಳನೀರು ಐಸ್‌ಕ್ರೀಮ್, ಹಣ್ಣಿನ ರಸ ಹೆಚ್ಚಿರುವ ಮಾವಿನದ್ದು, ಇವು ಬೇಗ ನೀರಾಗುತ್ತವೆ. ಯಾವುದು ಎಷ್ಟು ನಿಮಿಷಕ್ಕೆ ಹೇಗೆ ಇಳಿಯಿತು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಡಬ್ಬಿಯ ಲೇಬಲ್ಲನ್ನೂ ಓದಿ. ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಹಾಕಿದ್ದರೆ ಅದನ್ನು ನಮ್ಮ ಆಹಾರ ಕಾನೂನು ಐಸ್‌ಕ್ರೀಮ್ ಅನ್ನುವುದಿಲ್ಲ, ಫ್ರೋಜನ್ ಡೆಸರ್ಟ್ ಅನ್ನುತ್ತದೆ. ಪೋಸ್ಟರಿನ ಅಕ್ಷರ ಬರೆಯುವವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಇನ್ನೊಂದು ಮಾತು. ಐಸ್‌ಕ್ರೀಮ್ ಬದಲು ವನಸ್ಪತಿಗೆ ಸಕ್ಕರೆ ಪುಡಿ ಕಲಸಿ ಉಂಡೆ ಮಾಡುವ ಹಳೆಯ ಉಪಾಯ ಇದೆ. ಅದು ಇಡೀ ದಿನ ಕರಗುವುದಿಲ್ಲ. ನಾನು ಅದನ್ನು ಬಳಸುವುದಿಲ್ಲ. ಅಂಗಡಿಯವರು ಮಾರುವುದು ಏನೋ ಅದರದ್ದೇ ಫೋಟೋ ಇರಬೇಕು, ಅಲ್ವಾ? ಅದೂ ಅಲ್ಲದೆ ವನಸ್ಪತಿಯ ಉಂಡೆಗೆ ಒಂದು ಮಂದ ಬಿಳುಪು ಇರುತ್ತದೆ, ನಿಜವಾದ ಉಂಡೆಯ ಪಕ್ಕ ಇಟ್ಟರೆ ಗೊತ್ತಾಗಿಬಿಡುತ್ತದೆ.

ಹಿಂದಿನ ರಾತ್ರಿ: ಉಂಡೆ ತೆಗೆಯುವುದು

ಎಂಟು ರುಚಿಯ ಉಂಡೆಗಳು ಬೋರ್ಡಿನಲ್ಲಿ ಸಾಲಾಗಿ ಕಾಣುವಾಗ ಒಂದು ಚಿಕ್ಕದು, ಒಂದು ದೊಡ್ಡದು ಇದ್ದರೆ ಗಿರಾಕಿಗೆ ಮೋಸ ಕಂಡ ಹಾಗೆ ಆಗುತ್ತದೆ. ಅದಕ್ಕೆ ಎಲ್ಲ ಉಂಡೆಗೂ ಒಂದೇ ಸ್ಕೂಪರ್, ಒಬ್ಬರದೇ ಕೈ. ಅಂಗಡಿಯ ಕೌಂಟರಿನಲ್ಲಿ ಯಾವುದನ್ನು ಬಳಸುತ್ತಾರೋ ಅದೇ ಸ್ಕೂಪರ್ ಇರಲಿ. ಹಿಡಿ ಒತ್ತಿದರೆ ಒಳಗಿನ ಪಟ್ಟಿ ಸರಿದು ಉಂಡೆ ಬಿಡುವಂಥದ್ದೇ ಆಗಬೇಕು. ಕೆಲವದರ ಮೇಲೆ 16, 20 ಅಂತ ನಂಬರ್ ಇರುತ್ತದೆ. ನಂಬರ್ ಹೆಚ್ಚಾದಷ್ಟೂ ಉಂಡೆ ಚಿಕ್ಕದು. 16 ಅಂದರೆ ಬಟ್ಟಲು ತುಂಬ ಸುಮಾರು 60 ಮಿಲಿ ಹಿಡಿಯುತ್ತದೆ. ಮೇಲೆ ಗುಂಡಗೆ ಬರುವ ಭಾಗ ಬೇರೆ.

ಡೀಪ್ ಫ್ರೀಜರಿನಿಂದ ಆಗಷ್ಟೇ ತೆಗೆದ ಡಬ್ಬಿ ಮೈನಸ್ 18 ಡಿಗ್ರಿಯಲ್ಲೋ ಅದಕ್ಕಿಂತ ಕೆಳಗೋ ಇರುತ್ತದೆ. ಆಗ ತೆಗೆದರೆ ಉಂಡೆ ಒಡೆದು ಚೂರಾಗುತ್ತದೆ. ಅದನ್ನು ಸಾಮಾನ್ಯ ಫ್ರಿಜ್ಜಿನಲ್ಲಿ ಒಂದು ಇಪ್ಪತ್ತು ನಿಮಿಷ ಇಡಿ. ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್ ಇದ್ದರೆ ಮೈನಸ್ 14ರಿಂದ ಮೈನಸ್ 12ರ ನಡುವೆ ತೋರಿಸಬೇಕು. ಇಲ್ಲದಿದ್ದರೆ ಚಮಚದ ಹಿಂಭಾಗದಿಂದ ಒತ್ತಿ ನೋಡಿ. ಗುಳಿ ಬೀಳಬೇಕು, ಆದರೆ ಹೊಳೆಯಬಾರದು. ಹೊಳೆದರೆ ಮೆತ್ತಗಾಗಿದೆ ಅಂತಲೇ ಅರ್ಥ, ವಾಪಸ್ ಫ್ರೀಜರಿಗೆ ಹಾಕಿ.

ಈಗ ಕೈಯ ಕೆಲಸ. ಕೆಳಕ್ಕೆ ಅಗೆಯಬೇಡಿ. ಡಬ್ಬಿಯ ಈ ಅಂಚಿನಿಂದ ಆ ಅಂಚಿಗೆ, ಒಂದು ಬೆರಳಿನಷ್ಟು ಆಳದಲ್ಲಿ, ನಿಧಾನವಾಗಿ ಉದ್ದಕ್ಕೆ ಎಳೆಯಿರಿ. ಐಸ್‌ಕ್ರೀಮ್ ಚಾಪೆ ಸುತ್ತಿದ ಹಾಗೆ ತನ್ನ ಮೇಲೆ ತಾನೇ ಸುತ್ತಿಕೊಂಡು ಉಂಡೆಯಾಗುತ್ತದೆ. ಮೇಲ್ಮೈಯಲ್ಲಿ ಕಾಣುವ ಸಣ್ಣ ಬಿರುಕು, ಗೀರು, ಒರಟುತನ ಎಲ್ಲ ಬರುವುದು ಈ ಸುತ್ತುವಿಕೆಯಿಂದಲೇ. ಆ ಒರಟುತನ ಇಲ್ಲದಿದ್ದರೆ ಅದು ಪಿಂಗ್‌ಪಾಂಗ್ ಚೆಂಡು. ಕೌಂಟರಿನಲ್ಲಿ ಹುಡುಗರು ಸ್ಕೂಪರನ್ನು ನೀರಿನಲ್ಲಿ ಅದ್ದಿ ಅದ್ದಿ ತೆಗೆಯುತ್ತಾರೆ. ಮಾರುವುದಕ್ಕೆ ಅದು ಸರಿ. ಫೋಟೋಗೆ ಬೇಡ. ಸ್ಕೂಪರಿನ ಮೇಲೆ ಉಳಿದ ನೀರು ಉಂಡೆಯ ಮೇಲೆ ಗಾಜಿನಂಥ ಪೊರೆಯಾಗಿ ಹೆಪ್ಪುಗಟ್ಟುತ್ತದೆ, ಒರಟುತನವನ್ನೆಲ್ಲ ನುಂಗಿಬಿಡುತ್ತದೆ. ಎರಡು ಸ್ಕೂಪರ್ ಇಟ್ಟುಕೊಳ್ಳಿ. ಒಂದನ್ನು ತೊಳೆದು ಒಣ ಬಟ್ಟೆಯಲ್ಲಿ ಒರೆಸುವಾಗ ಇನ್ನೊಂದು ಕೈಯಲ್ಲಿರಲಿ.

ಉಂಡೆಯ ಬುಡದಲ್ಲಿ ಸೀರೆಯ ಅಂಚಿನ ಹಾಗೆ ಸುತ್ತಲೂ ಚೂರು ಹೊರಗೆ ಚಾಚಿದ ಭಾಗ ಇರುತ್ತದಲ್ಲ, ಫೋಟೋದಲ್ಲಿ ಅದೇ ಜೀವ. ನಾನು ಅದನ್ನು ನೆರಿಗೆ ಅನ್ನುತ್ತೇನೆ. ಉಂಡೆ ಸುತ್ತಿ ಮುಗಿದ ಮೇಲೆ ಸ್ಕೂಪರನ್ನು ಡಬ್ಬಿಯ ಐಸ್‌ಕ್ರೀಮ್ ಮೇಲೆ ಒಂದೇ ಸಲ, ಮೆಲ್ಲಗೆ ಒತ್ತಿ ಎತ್ತಿ. ಮೂರು ನಾಲ್ಕು ಮಿಲಿಮೀಟರ್ ನೆರಿಗೆ ಬರುತ್ತದೆ. ಎರಡು ಸಲ ಒತ್ತಿದರೆ ಅದು ಟೋಪಿಯ ಅಂಚಿನಂತೆ ಅಗಲವಾಗುತ್ತದೆ, ಆಮೇಲೆ ಟೂತ್‌ಪಿಕ್ಕಿನಿಂದ ಕೆರೆದು ಸರಿ ಮಾಡುತ್ತಾ ಕೂರಬೇಕು.

ಅಡುಗೆ ತಕ್ಕಡಿಯ ಮೇಲೆ ಬಟರ್ ಪೇಪರ್ ಹಾಸಿದ ಸ್ಟೀಲ್ ತಟ್ಟೆ ಇಟ್ಟು, ಪ್ರತಿ ಉಂಡೆ ಇಳಿಸಿದಾಗಲೂ ತೂಕ ನೋಡಿ. ಆ ಅಂಗಡಿಯ ಉಂಡೆ 55 ಗ್ರಾಂ ಸುತ್ತ ಬರುತ್ತಿತ್ತು. ಮೂರು ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಂದದ್ದನ್ನು ವಾಪಸ್ ಡಬ್ಬಿಗೆ ಹಾಕಿದೆವು. ಆದರೆ ತೂಕವೊಂದನ್ನೇ ನಂಬಬೇಡಿ. ಗಾಳಿ ಕಮ್ಮಿ ಇರುವ ಚಾಕೊಲೇಟ್ ಅದೇ ಗಾತ್ರಕ್ಕೆ ಜಾಸ್ತಿ ತೂಗಬಹುದು. ಒಂದೇ ರುಚಿಯ ಉಂಡೆಗಳನ್ನು ತೂಕದಿಂದ ಹೋಲಿಸಿ, ಬೇರೆ ಬೇರೆ ರುಚಿಗಳನ್ನು ಅಗಲದಿಂದ ಹೋಲಿಸಿ. ಒಂದು ರಟ್ಟಿನಲ್ಲಿ 56 ಮಿಲಿಮೀಟರ್ ಅಗಲದ ಅರ್ಧವೃತ್ತ ಕತ್ತರಿಸಿಕೊಂಡು, ಉಂಡೆಗೆ ತಾಗದ ಹಾಗೆ ಮುಂದೆ ಹಿಡಿದು ನೋಡಿದರೆ ಸಾಕು.

ಪ್ರತಿ ರುಚಿಗೆ ಆರು ಉಂಡೆ ತೆಗೆಯಿರಿ. ಬೆಳಗ್ಗೆ ಅದರಲ್ಲಿ ಮೂರು ಒಳ್ಳೆಯವು ಸಿಗುತ್ತವೆ. ತಟ್ಟೆಯನ್ನು ಮೊದಲೇ ಫ್ರೀಜರಿನಲ್ಲಿ ತಣ್ಣಗೆ ಮಾಡಿರಬೇಕು, ಇಲ್ಲದಿದ್ದರೆ ಬುಡ ಕರಗಿ ಚಪ್ಪಟೆಯಾಗುತ್ತದೆ. ಒಂದು ಗಂಟೆ ತೆರೆದಿಟ್ಟು, ಗಟ್ಟಿಯಾದ ಮೇಲೆ ಉಂಡೆಗೆ ತಾಗದ ಹಾಗೆ ಡಬ್ಬಿ ಮುಚ್ಚಿ. ಮುಚ್ಚದಿದ್ದರೆ ಬೆಳಗ್ಗೆ ಮೈತುಂಬ ಹಿಮದ ಹರಳು ಬೆಳೆದಿರುತ್ತದೆ. ಮನೆಯ ಫ್ರಿಜ್ಜಿನ ಮೇಲಿನ ಖಾನೆ ಇದಕ್ಕೆ ಆಗುವುದಿಲ್ಲ. ಹಿಮ ತಾನಾಗಿ ಕರಗುವ ಫ್ರಿಜ್ಜು ಆಗಾಗ ಬೆಚ್ಚಗಾಗುತ್ತದೆ, ಉಂಡೆ ಕರಗಿ ಮತ್ತೆ ಗಟ್ಟಿಯಾಗುತ್ತಾ ಮೈಯೆಲ್ಲ ಹರಳಾಗುತ್ತದೆ. ರಾತ್ರಿ ಕರೆಂಟ್ ಹೋದರೂ ಡೀಪ್ ಫ್ರೀಜರಿನ ಮುಚ್ಚಳ ತೆಗೆದು ನೋಡಬೇಡಿ. ಮುಚ್ಚಿದ್ದರೆ ಕೆಲವು ಗಂಟೆ ತಡೆಯುತ್ತದೆ.

ಬೆಳಗ್ಗೆ: ಮುದ್ದೆ ಇಟ್ಟು ಲೈಟ್ ಹೊಂದಿಸುವುದು

ಆರು ಗಂಟೆಗೆ ಶುರು ಮಾಡಿ. ಅಂಗಡಿ ಖಾಲಿ, ಗೋಡೆ ತಣ್ಣಗಿರುತ್ತದೆ. ಎಸಿ ಇದ್ದರೆ ಒಂದು ಗಂಟೆ ಮುಂಚೆಯೇ ಹಾಕಿಡಿ.

ಲೈಟ್, ಫೋಕಸ್, ಕಪ್ಪಿನ ಜಾಗ, ಎಲ್ಲವೂ ನಿಜವಾದ ಉಂಡೆ ಹೊರಗೆ ಬರುವ ಮೊದಲೇ ಮುಗಿದಿರಬೇಕು. ಅದಕ್ಕೆ ಒಂದು ಬದಲಿ ಉಂಡೆ ಬೇಕು. ನಮ್ಮ ಸೀಮೆಯಲ್ಲಿ ಅದಕ್ಕೇನು ಬರ? ಚಾಕೊಲೇಟ್‌ಗೆ ರಾಗಿ ಮುದ್ದೆ, ವೆನಿಲ್ಲಾ ಮತ್ತು ಎಳನೀರಿಗೆ ಅಕ್ಕಿ ಹಿಟ್ಟಿನ ಮುದ್ದೆ. ಅದೇ ಸ್ಕೂಪರಿನಲ್ಲಿ ತೆಗೆದು ಆರಿಸಿ ಇಟ್ಟರೆ ಅಳತೆಯೂ ಒಂದೇ, ಹೊಳಪೂ ಹೆಚ್ಚುಕಮ್ಮಿ ಹತ್ತಿರ. ಬಣ್ಣ ಹೊಂದುವುದು ಮುಖ್ಯ. ರಾಗಿ ಮುದ್ದೆ ಇಟ್ಟು ಬೆಳಕು ಹೊಂದಿಸಿ ಅಲ್ಲಿಗೆ ಎಳನೀರು ಐಸ್‌ಕ್ರೀಮ್ ತಂದಿಟ್ಟರೆ ಬಿಳಿ ಸುಟ್ಟುಹೋಗಿ ಬರೀ ಖಾಲಿ ಜಾಗ ಕಾಣುತ್ತದೆ.

ಹಿನ್ನೆಲೆಗೆ ಕಪ್ಪು ಇಲ್ಲವೇ ಗಾಢ ನೀಲಿ ಬಟ್ಟೆ, ಕಪ್ಪಿನಿಂದ ಕನಿಷ್ಠ ಮೂರು ಅಡಿ ಹಿಂದೆ. ಮಂಜು ತಿಳಿಯಾದ ವಸ್ತು. ಬಿಳಿ ಗೋಡೆಯ ಮುಂದೆ ಅದು ಕಾಣುವುದೇ ಇಲ್ಲ. ಒಂದು ಎಲ್‌ಇಡಿ ದೀಪವನ್ನು ಕಪ್ಪಿನ ಹಿಂದೆ, ಒಂದು ಬದಿಗೆ ಇಡಿ. ಕ್ಯಾಮೆರಾ ಆರು ಗಂಟೆಯ ಕಡೆ ಇದ್ದರೆ ದೀಪ ಗಡಿಯಾರದ ಒಂದು, ಎರಡು ಗಂಟೆಯ ನಡುವೆ. ಹಿಂದಿನಿಂದ ಬಂದ ಬೆಳಕು ಮಂಜಿನ ಸಣ್ಣ ಹನಿಗಳಿಗೆ ತಾಗಿ ಕ್ಯಾಮೆರಾ ಕಡೆಗೆ ಚೆದರುತ್ತದೆ. ಅದೇ ಬೆಳಕು ಇಳಿಯುವ ಹನಿಯ ಅಂಚನ್ನೂ ಹೊಳೆಸುತ್ತದೆ. ಮುಂದೆ ಎಡಕ್ಕೆ ಬಿಳಿ ಥರ್ಮೋಕೋಲ್ ಹಲಗೆ ನಿಲ್ಲಿಸಿದರೆ ಉಂಡೆಯ ಮುಖಕ್ಕೂ ಬೆಳಕು ಬರುತ್ತದೆ. ಹ್ಯಾಲೊಜೆನ್ ಮಾತ್ರ ಬೇಡ, ಅದು ಒಲೆ.

ಕ್ಯಾಮೆರಾ ಟ್ರೈಪಾಡ್ ಮೇಲೆ. ನಾನು ಇಟ್ಟಿದ್ದು f/8, ಸೆಕೆಂಡಿನ 200ನೇ ಒಂದು ಭಾಗ, ಬಿಳಿ ಬಣ್ಣದ ಲೆಕ್ಕ 5200K. ಇದನ್ನು ಕೊನೆಯ ಉಂಡೆಯವರೆಗೂ ಬದಲಿಸಲಿಲ್ಲ. ಕ್ಯಾಮೆರಾದ ಆಟೋ ಲೆಕ್ಕಕ್ಕೆ ಬಿಟ್ಟರೆ ಪ್ರತಿ ರುಚಿಗೂ ಬೇರೆ ಬಣ್ಣ ಕೊಡುತ್ತದೆ, ಮಂಜು ಬಂದಾಗ ವೆನಿಲ್ಲಾವನ್ನು ನೀಲಿ ಮಾಡುತ್ತದೆ. ಫೋನಿನಲ್ಲಿ ತೆಗೆಯುವವರು ಪರದೆಯ ಮೇಲೆ ಉಂಡೆಯನ್ನು ಒತ್ತಿಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಕೆಳಗಿಳಿಸಿ. ಕಪ್ಪು ಹಿನ್ನೆಲೆ ನೋಡಿ ಫೋನು ತಾನಾಗಿ ಎಲ್ಲವನ್ನೂ ಬೆಳ್ಳಗೆ ಮಾಡಲು ಹೊರಡುತ್ತದೆ. ಉಂಡೆಯ ಅತಿ ಬಿಳಿ ಜಾಗದಲ್ಲೂ ಬಿರುಕು ಕಾಣುತ್ತಿದ್ದರೆ ಬೆಳಕು ಸರಿಯಾಗಿದೆ.

ಕಪ್ ಇಡುವ ಜಾಗಕ್ಕೆ ಟೇಪಿನಿಂದ ಗುರುತು ಮಾಡಿ. ಲ್ಯಾಪ್‌ಟಾಪ್ ಜೋಡಿಸಿದ್ದರೆ ಅದರ ಪರದೆಯ ಮೇಲೆ ಪಾರದರ್ಶಕ ಹಾಳೆ ಅಂಟಿಸಿ, ಮೊದಲ ಉಂಡೆಯ ಹೊರ ಅಂಚನ್ನು ಮಾರ್ಕರ್‌ನಿಂದ ಬರೆದುಬಿಡಿ. ಮುಂದಿನ ಏಳು ರುಚಿಗಳನ್ನು ಆ ಗೆರೆಯೊಳಗೆ ಕೂರಿಸಿದರೆ ಬೋರ್ಡಿನಲ್ಲಿ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

ಉಂಡೆಯ ಮೈ ನೋಡಿ ಹೊತ್ತು ಹೇಳುವುದು

ಫ್ರೀಜರಿನಿಂದ ಟೇಬಲ್ಲಿಗೆ ತರುವಾಗ ಥರ್ಮೋಕೋಲ್ ಡಬ್ಬಿ ಬೇಕು. ಡ್ರೈ ಐಸ್, ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಸಿಕ್ಕರೆ ತಳಕ್ಕೆ ಅದು, ಅದರ ಮೇಲೆ ರಟ್ಟು, ರಟ್ಟಿನ ಮೇಲೆ ತಟ್ಟೆ. ಸಿಗದಿದ್ದರೆ ಜಜ್ಜಿದ ಐಸ್ ಮೂರು ಪಾಲು, ಕಲ್ಲುಪ್ಪು ಒಂದು ಪಾಲು ತೂಕದಲ್ಲಿ ಬೆರೆಸಿ. ಹಿಂದೆ ಕೈಯಲ್ಲಿ ತಿರುವಿ ಐಸ್‌ಕ್ರೀಮ್ ಮಾಡುತ್ತಿದ್ದವರ ಉಪಾಯ ಇದು. ಚೆನ್ನಾಗಿ ಬೆರೆತರೆ ಮೈನಸ್ 20ರ ಹತ್ತಿರ ಹೋಗುತ್ತದೆ. ಉಪ್ಪು ನೀರು ತಟ್ಟೆಯೊಳಗೆ ನುಗ್ಗದ ಹಾಗೆ ನೋಡಿಕೊಳ್ಳಿ.

ಉಂಡೆ ಹೊರಗೆ ಬಂದಾಗಿನಿಂದ ಅದರ ಮೈ ನಾಲ್ಕು ಸಲ ಬದಲಾಗುತ್ತದೆ. ಗಡಿಯಾರ ನೋಡುವುದಕ್ಕಿಂತ ಇದನ್ನು ನೋಡುವುದು ಮೇಲು. ಮೊದಲು ವಿಭೂತಿ ಬಳಿದ ಹಾಗೆ ಬೆಳ್ಳಗೆ ಮಂಕಾಗಿರುತ್ತದೆ. ಡ್ರೈ ಐಸ್ ಮೇಲಿದ್ದ ಉಂಡೆಗೆ ಇದು ಇನ್ನೂ ಜಾಸ್ತಿ. ಆಗ ತೆಗೆದರೆ ಮಾವಿನ ಬಣ್ಣ ಕೂಡ ಸುಣ್ಣದಂತೆ ಬರುತ್ತದೆ. ಆಮೇಲೆ ಆ ಬೂದಿ ಹೋಗಿ ನಿಜ ಬಣ್ಣ ಬರುತ್ತದೆ, ಆದರೆ ಮೈ ಒಣಗಿರುತ್ತದೆ, ಬಿರುಕುಗಳು ಚೂಪಾಗಿ ಕಾಣುತ್ತವೆ. ಮೆನು ಬೋರ್ಡಿನ ಫೋಟೋಗೆ ಇದೇ ಹೊತ್ತು. ಮೂರನೆಯದಾಗಿ ನೆರಿಗೆಯ ಅಂಚಿನಲ್ಲಿ ಸಣ್ಣ ಮಿರುಗು ಶುರುವಾಗುತ್ತದೆ. ಪೋಸ್ಟರಿಗೆ ಈ ಹೊತ್ತು. ನಾಲ್ಕನೆಯದು ಮೈಯೆಲ್ಲ ಹೊಳೆದು ಬಿರುಕು ಮುಚ್ಚಿಕೊಳ್ಳುವುದು. ಅಲ್ಲಿಗೆ ಆ ಉಂಡೆ ಮುಗಿಯಿತು, ತೆಗೆದಿಡಿ. ಎಸಿ ಹಾಕಿದ 24 ಡಿಗ್ರಿಯ ಆ ಕೋಣೆಯಲ್ಲಿ ವೆನಿಲ್ಲಾ ನನಗೆ ಎರಡನೇ ಹೊತ್ತಿನಲ್ಲಿ ಮೂರು ನಿಮಿಷ ಕೊಟ್ಟಿತು. ಎಳನೀರು ಒಂದೂವರೆ ನಿಮಿಷವೂ ಕೊಡಲಿಲ್ಲ.

ಆದ್ದರಿಂದ ಬೋರ್ಡಿನ ಎಂಟು ಫೋಟೋಗಳನ್ನು ಮೊದಲು ಮುಗಿಸಿಬಿಡಿ. ಅಲ್ಲಿ ಮಂಜೂ ಬೇಡ, ಹನಿಯೂ ಬೇಡ. ಉಂಡೆಯನ್ನು ಚಪ್ಪಟೆ ಚಾಕುವಿನ ಮೇಲೆತ್ತಿ ತಣ್ಣಗಿರುವ ಕಪ್ಪಿನಲ್ಲಿಡಿ, ಕೈಯಲ್ಲಿ ಮುಟ್ಟಬೇಡಿ, ಬೆರಳಿನ ಬಿಸಿಗೆ ತಕ್ಷಣ ಹೊಳೆಯುವ ಗುರುತು ಬೀಳುತ್ತದೆ. ಚೂರು ಹಿಮ ಅಂಟಿದ್ದರೆ ಒಣಗಿದ ಮೆತ್ತನೆ ಬ್ರಷ್‌ನಿಂದ ಕೊಡವಿ.

ಮಂಜು

ಮಳೆಗಾಲದ ಬೆಳಗ್ಗೆಯಾದರೆ ತಣ್ಣನೆಯ ಉಂಡೆಯಿಂದ ತಾನಾಗಿಯೇ ತೆಳುವಾದ ಮಂಜು ಇಳಿಯುತ್ತದೆ. ಅದು ಐಸ್‌ಕ್ರೀಮಿನ ಆವಿಯಲ್ಲ, ಸುತ್ತಲ ಗಾಳಿಯಲ್ಲಿದ್ದ ತೇವ ತಣ್ಣಗಾಗಿ ಹನಿಯಾದದ್ದು. ಬೇಸಿಗೆಯಲ್ಲಿ ಆ ತೇವವೇ ಇರುವುದಿಲ್ಲ. ಟೇಬಲ್ ಕೆಳಗೆ ಬಿಸಿನೀರಿನ ಬಕೆಟ್ ಇಟ್ಟು ಹತ್ತು ನಿಮಿಷ ಬಾಗಿಲು ಹಾಕಿದರೆ ಚೂರು ಬರುತ್ತದೆ, ಪೋಸ್ಟರಿಗೆ ಸಾಲದು.

ಅದಕ್ಕೇ ಡ್ರೈ ಐಸ್. ತುಮಕೂರಿನವರು ಬೆಂಗಳೂರಿನಿಂದ ತರಿಸಿಕೊಳ್ಳಬಹುದು. ಅದು ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಮೈನಸ್ 78 ಡಿಗ್ರಿಗೂ ಕೆಳಗೆ. ನೀರಾಗುವುದಿಲ್ಲ, ನೇರ ಅನಿಲವಾಗುತ್ತದೆ. ಥರ್ಮೋಕೋಲ್ ಡಬ್ಬಿಯಲ್ಲೂ ದಿನಕ್ಕೆ ಎರಡು ಮೂರು ಕಿಲೋ ಹಾಗೇ ಹೋಗಿಬಿಡುತ್ತದೆ. ಹಿಂದಿನ ಸಂಜೆ ತರುವುದಾದರೆ ಐದು ಕಿಲೋ ತನ್ನಿ. ಕಾರಿನಲ್ಲಿ ತರುವಾಗ ಕಿಟಕಿ ಇಳಿಸಿ. ಡಬ್ಬಿಯ ಮುಚ್ಚಳಕ್ಕೆ ಟೇಪ್ ಸುತ್ತಿ ಬಿಗಿ ಮಾಡಬೇಡಿ, ಬಾಟಲಿಯಲ್ಲಿ ತುಂಬಿ ಬಿರಡೆ ಹಾಕಲೇಬೇಡಿ, ಸಿಡಿಯುತ್ತದೆ. ದಪ್ಪ ಕೈಗವಸು ಹಾಕಿ ಇಕ್ಕಳದಿಂದಲೇ ಎತ್ತಿ. ಅನಿಲ ಗಾಳಿಗಿಂತ ಭಾರ, ನೆಲದ ಹತ್ತಿರ ತುಂಬುತ್ತದೆ. ಫೋಟೋ ಕ್ಲಿಕ್ಕಿಸುವಾಗ ಮಾತ್ರ ಬಾಗಿಲು ಮುಚ್ಚಿ, ನಡುನಡುವೆ ಪೂರ್ತಿ ತೆಗೆದಿಡಿ, ಚಿಕ್ಕ ಮಕ್ಕಳನ್ನು ಒಳಗೆ ಬಿಡಬೇಡಿ. 2024ರ ಮಾರ್ಚ್‌ನಲ್ಲಿ ಗುರುಗ್ರಾಮದಲ್ಲಿ ಊಟದ ಮೇಲೆ ಇದನ್ನು ಬಾಯಿಗೆ ಹಾಕಿಕೊಂಡ ಐದು ಜನ ಆಸ್ಪತ್ರೆ ಸೇರಿದ್ದರು. ಕಪ್ಪಿನೊಳಗೆ ಚೂರನ್ನೂ ಹಾಕಬೇಡಿ. ಫೋಟೋ ಮುಗಿದ ಮೇಲೆ ಟೇಬಲ್ ಮೇಲಿದ್ದ ಐಸ್‌ಕ್ರೀಮನ್ನು ಯಾರಿಗೂ ಕೊಡಬೇಡಿ.

ಮಾಡುವ ವಿಧಾನ ಹೀಗೆ. ಕಪ್ಪಿನ ಹಿಂದೆ, ಉಂಡೆಗಿಂತ ಒಂದು ಗೇಣು ಮೇಲೆ, ಕ್ಯಾಮೆರಾಗೆ ಕಾಣದ ಬದಿಯಲ್ಲಿ ಒಂದು ಸ್ಟೀಲ್ ಬೋಗುಣಿ ಇಡಿ. ಮಂಜು ಕೆಳಕ್ಕೆ ಇಳಿಯುವುದರಿಂದ ಅದರ ಮೂಲ ಮೇಲೇ ಇರಬೇಕು. ಕೆಳಗಿಟ್ಟರೆ ಟೇಬಲ್ ಮೇಲೆ ಹರಡಿ ಹೋಗುತ್ತದೆ, ಉಂಡೆಯ ಹತ್ತಿರವೂ ಬರುವುದಿಲ್ಲ. ಬೋಗುಣಿಯಲ್ಲಿ ಅರ್ಧ ಭಾಗ ಬಿಸಿನೀರು ಹಾಕಿ, ಸ್ನಾನದ ನೀರಿಗಿಂತ ಚೂರು ಬಿಸಿ ಇದ್ದರೆ ಸಾಕು. ಒಂದು ನಿಂಬೆಹಣ್ಣಿನಷ್ಟು ಡ್ರೈ ಐಸ್ ಬಿಟ್ಟರೆ ಮಂಜು ಉಕ್ಕಿ ಅಂಚಿನಿಂದ ಇಳಿಯುತ್ತದೆ. ಮೊದಲ ಐದು ಸೆಕೆಂಡು ಅದು ಗೋಡೆಯಂತೆ ದಪ್ಪ, ಉಂಡೆಯೇ ಕಾಣುವುದಿಲ್ಲ. ಆಮೇಲಿನ ಹದಿನೈದು ಇಪ್ಪತ್ತು ಸೆಕೆಂಡು ಎಳೆ ಎಳೆಯಾಗಿ ಬರುತ್ತದೆ, ಅದೇ ಬೇಕಾದ್ದು. ನೀರು ತಣ್ಣಗಾದಂತೆ ಮಂಜು ಸೊರಗುತ್ತದೆ, ಆಗ ನೀರು ಬದಲಿಸಿ, ಡ್ರೈ ಐಸ್ ಮೇಲೆ ಡ್ರೈ ಐಸ್ ಹಾಕುತ್ತಾ ಹೋಗಬೇಡಿ.

ಫ್ಯಾನ್, ಎಸಿ ಎರಡನ್ನೂ ಈ ಹೊತ್ತಿನಲ್ಲಿ ಆರಿಸಬೇಕು. ಇಲ್ಲದಿದ್ದರೆ ಮಂಜು ಹರಿದು ಚಿಂದಿಯಾಗುತ್ತದೆ. ಎಸಿ ಆರಿಸಿದರೆ ಕೋಣೆ ಬೆಚ್ಚಗಾಗುತ್ತದೆ, ಮಂಜಿನ ತೇವವೂ ಉಂಡೆಯ ಮೇಲೆ ಕೂತು ಮಿರುಗು ತರುತ್ತದೆ. ಒಣ ಉಂಡೆಯ ಫೋಟೋಗಳು ಮೊದಲೇ ಮುಗಿದಿರಬೇಕು ಅಂದದ್ದು ಇದಕ್ಕೇ. ಬೋಗುಣಿಯಿಂದ ಸಿಡಿಯುವ ನೀರಿಗೆ ಒಂದು ರಟ್ಟು ಅಡ್ಡ ಇಡುವುದನ್ನು ಮರೆಯಬೇಡಿ. ಬೋರ್ಡಿನ ಫೋಟೋಗಳಿಗೂ ಮುಂಚೆ ಮಂಜನ್ನು ಒಮ್ಮೆ ಪರೀಕ್ಷಿಸುವಾಗ ನಾನು ಮರೆತು ಒಂದು ಒಳ್ಳೆಯ ಪಿಸ್ತಾ ಉಂಡೆ ಕಳೆದುಕೊಂಡೆ.

ಹನಿ

ಹನಿಯನ್ನು ಉಂಡೆಯೇ ತಾನಾಗಿ ಕೊಡಲಿ ಅಂತ ಕಾಯಬೇಡಿ. ಅದು ಇಳಿಯುವುದು ಹಿಂಬದಿಯಿಂದಲೇ. ಹಿಂದಿನ ರಾತ್ರಿಯೇ ಅದೇ ರುಚಿಯ ಒಂದು ಸಣ್ಣ ಬಟ್ಟಲು ಐಸ್‌ಕ್ರೀಮನ್ನು ಫ್ರಿಜ್ಜಿನಲ್ಲಿ ಕರಗಲು ಇಡಿ. ಬೆಳಗ್ಗೆ ನೋಡಿದರೆ ಅದರ ಬಣ್ಣ ಉಂಡೆಗಿಂತ ಗಾಢವಾಗಿರುತ್ತದೆ, ಏಕೆಂದರೆ ಒಳಗಿದ್ದ ಗಾಳಿ ಹೋಗಿರುತ್ತದೆ. ಮಾವು, ಚಾಕೊಲೇಟ್‌ಗೆ ಈ ಗಾಢ ಬಣ್ಣ ಚೆಂದವೇ. ಎಳನೀರು ಮಾತ್ರ ಅಕ್ಕಿ ತೊಳೆದ ನೀರಿನಂತಾಗುತ್ತದೆ. ಅದಕ್ಕೆ ಎರಡು ಚಮಚ ಫ್ರೆಶ್ ಕ್ರೀಮ್, ಒಂದು ಚಮಚ ಹಾಲಿನ ಪುಡಿ ಗಂಟಿಲ್ಲದಂತೆ ಕಲಸಿದರೆ ಬಿಳುಪೂ ಬರುತ್ತದೆ, ಮಂದವೂ ಆಗುತ್ತದೆ. ಚಮಚ ಅದ್ದಿ ಎತ್ತಿದಾಗ ಹಿಂಭಾಗಕ್ಕೆ ಪೊರೆಯಾಗಿ ಅಂಟಿ, ಬೆರಳಲ್ಲಿ ಗೆರೆ ಎಳೆದರೆ ಗೆರೆ ನಿಲ್ಲಬೇಕು. ಅದೇ ಹದ.

ಇದನ್ನು ಸೂಜಿಯಿಲ್ಲದ 5 ಮಿಲಿ ಸಿರಿಂಜಿನಲ್ಲಿ ತುಂಬಿ ಫ್ರಿಜ್ಜಿನಲ್ಲೇ ಇಡಿ. ಬಿಸಿನೀರಿನಲ್ಲಿ ಅದ್ದಿ ಒರೆಸಿದ ಟೂತ್‌ಪಿಕ್ಕಿನಿಂದ ನೆರಿಗೆಯ ಮೇಲಿನಿಂದ ಕೆಳಕ್ಕೆ ಕಾಣದಷ್ಟು ತೆಳುವಾದ ಕಾಲುವೆ ಎಳೆಯಿರಿ. ಸಿರಿಂಜಿನಿಂದ ಕಾಲುವೆಯ ತಲೆಗೆ ಎರಡು ಮೂರು ಹನಿ ಬಿಟ್ಟರೆ ಅದು ದಾರಿ ತಪ್ಪದೆ ಇಳಿಯುತ್ತದೆ. ಮೂರು ಕಾಲುವೆ ಸಾಕು, ಮೂರೂ ಒಂದೇ ಉದ್ದ ಬೇಡ. ಒಂದು ಕಪ್ಪಿನ ಅಂಚು ದಾಟಿ ಹೊರಗೆ ಇಳಿಯಲಿ, ಒಂದು ಅಂಚಿನಲ್ಲೇ ನಿಲ್ಲಲಿ, ಇನ್ನೊಂದು ಉಂಡೆಯ ಅರ್ಧಕ್ಕೆ ಸಾಕು.

ಹನಿ ಎಲ್ಲಿ ನಿಲ್ಲುತ್ತದೆ ಅನ್ನುವುದು ಕಪ್ಪಿನ ಕೈಯಲ್ಲಿದೆ. ಗಾಜಿನ ಕಪ್ ಫ್ರೀಜರಿನಲ್ಲಿ ಇದ್ದದ್ದಾದರೆ ಹನಿ ಅದಕ್ಕೆ ತಾಗಿದ ಕೂಡಲೇ ದಪ್ಪವಾಗಿ ನಿಂತುಬಿಡುತ್ತದೆ, ನಿಮಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಕಪ್ ಬೆಚ್ಚಗಿದ್ದರೆ ಓಡಿಹೋಗುತ್ತದೆ. ಆದರೆ ತುಂಬಾ ತಣ್ಣಗಿನ ಕಪ್ಪಿನ ಮೇಲೆ ಹಿಮ ಕೂತು ಗಾಜು ಮಂಕಾಗುತ್ತದೆ. ನಾನು ಕಪ್ಪನ್ನು ಫ್ರೀಜರಿನಿಂದ ತೆಗೆದು, ಮುಂಭಾಗವನ್ನು ಮಾತ್ರ ಬಟ್ಟೆಯಿಂದ ಒರೆಸಿ, ಒಂದು ನಿಮಿಷ ಬಿಟ್ಟು ಬಳಸಿದೆ.

ಉಂಡೆಯ ಮೈಗೂ ಸ್ವಲ್ಪ ಕರಗಿದ ಹೊಳಪು ಬೇಕಲ್ಲ, ಇಲ್ಲದಿದ್ದರೆ ಒಣ ಉಂಡೆಯ ಮೇಲೆ ಹನಿ ಅಂಟಿಸಿದ ಹಾಗೆ ಕಾಣುತ್ತದೆ. ಹೇರ್ ಡ್ರೈಯರ್ ಗಾಳಿಗೆ ಹನಿ ಪಕ್ಕಕ್ಕೆ ಓಡುತ್ತದೆ. ಬಿಸಿನೀರು ತುಂಬಿದ ಸ್ಟೀಲ್ ಲೋಟವನ್ನು ಉಂಡೆಯ ಒಂದು ಬದಿಗೆ, ಬೆರಳಿನಷ್ಟು ದೂರದಲ್ಲಿ ಹತ್ತಿಪ್ಪತ್ತು ಸೆಕೆಂಡು ಹಿಡಿಯಿರಿ. ಹನಿ ಬಿಡುವ ಬದಿ ಮಾತ್ರ ಮಿರುಗುತ್ತದೆ, ಇನ್ನೊಂದು ಬದಿ ಒರಟಾಗಿಯೇ ಉಳಿಯುತ್ತದೆ.

ಪೋಸ್ಟರ್ ಹೇಗೆ ಬಂತು

ಪೋಸ್ಟರಿಗೆ ಎಳನೀರು ಮತ್ತು ಮಾವು, ಎರಡು ಉಂಡೆ ಒಂದೇ ಕಪ್ಪಿನಲ್ಲಿ ಅಂತ ಯಜಮಾನರ ಆಸೆ. ಬೋರ್ಡಿನ ಎಂಟು ಫೋಟೋ ಮುಗಿದಾಗ ಎಂಟೂವರೆ. ಮೊದಲು ಅಕ್ಕಿ ಮುದ್ದೆ ಇದ್ದ ಜಾಗದಲ್ಲೇ ನಿಜವಾದ ಉಂಡೆಗಳನ್ನಿಟ್ಟು ಮಂಜು ಬಿಟ್ಟೆ. ಹನ್ನೆರಡು ಫೋಟೋ ತೆಗೆದೆ, ಎರಡರಲ್ಲಿ ಮಂಜು ಚೆಂದ ಇತ್ತು. ಅಷ್ಟರಲ್ಲಿ ಎಳನೀರು ಮೂರನೇ ಹೊತ್ತು ದಾಟಿತ್ತು. ಕಪ್ಪನ್ನು ಅಲುಗಿಸದೆ ಎರಡೂ ಉಂಡೆ ತೆಗೆದು ಹೊಸ ಜೋಡಿ ಇಟ್ಟೆ, ಪರದೆಯ ಮೇಲಿನ ಗೆರೆಗೆ ಸರಿಯಾಗಿ ಕೂರಿಸಿದೆ. ಲೋಟದ ಬಿಸಿ ತೋರಿಸಿ, ಸಿರಿಂಜಿನಿಂದ ಹನಿ ಬಿಟ್ಟು, ಅಂಚಿನಿಂದ ಹನಿ ಜಾರುವ ಕ್ಷಣಕ್ಕೆ ಒಂದೇ ಸಮನೆ ಕ್ಲಿಕ್ಕಿಸಿದೆ. ಕೊನೆಗೆ ಕಪ್ಪನ್ನೂ ಎತ್ತಿ, ಖಾಲಿ ಕಪ್ಪು ಹಿನ್ನೆಲೆಯಲ್ಲಿ ಬರೀ ಮಂಜಿನ ಫೋಟೋ ನಾಲ್ಕೈದು ತೆಗೆದುಕೊಂಡೆ.

ಟ್ರೈಪಾಡ್ ಅಲುಗಿಲ್ಲದ್ದರಿಂದ ಫೋಟೋಶಾಪ್‌ನಂಥ ಸಾಫ್ಟ್‌ವೇರಿನಲ್ಲಿ ಇವನ್ನು ಒಂದರ ಮೇಲೊಂದು ಇಡುವುದು ಸುಲಭ. ಹನಿಯ ಫೋಟೋ ಕೆಳಗೆ, ಕೊನೆಗೆ ತೆಗೆದ ಬರೀ ಮಂಜಿನ ಫೋಟೋ ಮೇಲೆ. ಮೇಲಿನದರ ಬ್ಲೆಂಡ್ ಮೋಡ್ ಅನ್ನು `Screen` ಮಾಡಿದರೆ ಕಪ್ಪು ಮಾಯವಾಗಿ ಮಂಜು ಮಾತ್ರ ಉಳಿಯುತ್ತದೆ. ಹನಿಯ ಹೊಳಪಿನ ಮೇಲೆ ಮಂಜು ಬಂದ ಕಡೆ ಮೆತ್ತನೆಯ ಬ್ರಷ್‌ನಿಂದ ಅಳಿಸಿ. ಇಡೀ ಫೋಟೋಗೆ ಮಂಜು ತುಂಬಬೇಡಿ, ಕಪ್ಪಿನ ಹಿಂಬದಿ ಮತ್ತು ಬುಡಕ್ಕೆ ಸಾಕು.

ಫ್ಲೆಕ್ಸಿಗೆ ಕೊಡುವ ಮೊದಲು ಒಂದು ಸಣ್ಣ ತುಂಡು ಪ್ರಿಂಟ್ ತೆಗೆಸಿ. ಪರದೆಯ ಮೇಲೆ ನಯವಾಗಿ ಕರಗುವ ಮಂಜು ಫ್ಲೆಕ್ಸಿನಲ್ಲಿ ಪಟ್ಟೆ ಪಟ್ಟೆಯಾಗಬಹುದು, ಎಳನೀರಿನ ಬಿಳುಪು ನೀಲಿಗೆ ತಿರುಗಬಹುದು. ನಮಗೆ ಎರಡೂ ಆಯಿತು. ಮಂಜಿನ ಪದರಕ್ಕೆ ಚೂರು ನಾಯ್ಸ್, ಅಂದರೆ ಸಣ್ಣ ಸಣ್ಣ ಚುಕ್ಕೆ, ಸೇರಿಸಿದಾಗ ಪಟ್ಟೆ ಹೋಯಿತು, ಬಿಳಿಗೆ ಹಳದಿ ಕೂದಲೆಳೆಯಷ್ಟು ಸೇರಿಸಿದಾಗ ಕಾಯಿಯ ಬಣ್ಣ ಬಂತು. ಬೋರ್ಡ್ ಏರಿಸಿದ ದಿನ ಯಜಮಾನರು ರಸ್ತೆಯ ಆಚೆ ನಿಂತು ಬಹಳ ಹೊತ್ತು ನೋಡಿದರು. "ಎಲ್ಲಾ ಚೆನ್ನಾಗದೆ ಸಾರ್. ಆ ಪಿಸ್ತಾ ಮಾತ್ರ ಒಂಚೂರು ಚಿಕ್ಕದಾಯ್ತು, ಅಲ್ವಾ?" ಅಂದರು. ನೀರು ಸಿಡಿದ ಉಂಡೆಯ ಬದಲು ಇಟ್ಟದ್ದು ಅದು. ಎರಡು ಮಿಲಿಮೀಟರ್ ಕಮ್ಮಿ ಇತ್ತು.